ಇದನ್ನು ಎಷ್ಟು ದಪ್ಪಕ್ಕೆ ಕೊರೆಯುವುದು?

ಬಂಟ್ವಾಳ ತಾಲೂಕಿನ ಒಂದು ಮನೆ. ಮರುದಿನ ಮದುವೆ. ನಮ್ಮ ಕಡೆ ರೂಢಿಯಿರುವ ಹಾಗೆ ನೆರೆಕರೆಯವರೆಲ್ಲ ಸಂಜೆಯೇ ಬಂದು ತರಕಾರಿ ಕೊರೆಯಲು ಕೂತಿದ್ದರು. ಚಾವಡಿಯಲ್ಲಿ ಚಾಪೆ ಹಾಸಿ, ನಡುವೆ ಸೌತೆಕಾಯಿ, ಕುಂಬಳಕಾಯಿಗಳ ರಾಶಿ ಹಾಕಿ, ಸುತ್ತ ಐದಾರು ಮೆಟ್ಟುಕತ್ತಿಗಳನ್ನು ಇಟ್ಟಿದ್ದರು. ಆ ಮನೆಯ ಪಕ್ಕದ ಮನೆಗೆ ಘಟ್ಟದ ಮೇಲಿನಿಂದ ಸೊಸೆಯಾಗಿ ಬಂದು ಎರಡು ತಿಂಗಳಾಗಿದ್ದ ಹುಡುಗಿಯೊಬ್ಬಳು ಕಂಬದ ಹತ್ತಿರ ನಿಂತಿದ್ದಳು. ತುಳು ಅರ್ಥವಾಗುತ್ತಿರಲಿಲ್ಲ. ಅರ್ಧ ಗಂಟೆ ಹಾಗೆಯೇ ನಿಂತಳು. ಮೊಬೈಲು ತೆಗೆದಳು, ಒಳಗಿಟ್ಟಳು, ಮತ್ತೆ ತೆಗೆದಳು. ಕೊನೆಗೆ ಬಂದು ಒಬ್ಬ ವಯಸ್ಸಾದ ಹೆಂಗಸಿನ ಪಕ್ಕ ಕೂತು, ಒಂದು ಸೌತೆಕಾಯಿ ಕೈಗೆತ್ತಿಕೊಂಡು ಕೇಳಿದಳು: “ಅಮ್ಮಾ, ಇದನ್ನು ಎಷ್ಟು ದಪ್ಪಕ್ಕೆ ಕೊರೆಯುವುದು?”

“ಹೀಗೆ ಮಗಾ, ಹೆಬ್ಬೆರಳಿನಷ್ಟು. ಸಣ್ಣ ಮಾಡಿದರೆ ಬೆಂದು ಕರಗಿ ಹೋಗ್ತದೆ. ನಿಮ್ಮ ಊರಲ್ಲಿ ಈ ಸೌತೆಕಾಯಿ ಸಿಗ್ತದಾ?”

“ಇಲ್ಲಮ್ಮ, ನಮ್ಮಲ್ಲಿ ಹಸಿಯಾಗಿ ತಿನ್ನೋ ಸೌತೆಕಾಯಿ ಮಾತ್ರ. ಇದನ್ನ ನಾನು ಇಲ್ಲಿಗೆ ಬಂದ ಮೇಲೇ ನೋಡಿದ್ದು.”

ಅಷ್ಟು ಸಾಕಾಯಿತು. ಸೌತೆಕಾಯಿಯನ್ನು ಬಾಳೆಹಗ್ಗದಲ್ಲಿ ಕಟ್ಟಿ ಅಟ್ಟದಲ್ಲಿ ತೂಗಹಾಕಿ ಮಳೆಗಾಲಕ್ಕೆ ಉಳಿಸುವ ಕ್ರಮವನ್ನು ಅಜ್ಜಿ ಹೇಳತೊಡಗಿದರು. ಆಚೆ ಕೂತವರು ತುಳುವಿನಲ್ಲಿ ಏನೋ ಸೇರಿಸಿದರು, ಅಜ್ಜಿ ಅದನ್ನು ಕನ್ನಡದಲ್ಲಿ ಹೇಳಿದರು. ಕತ್ತಲಾಗುವ ಹೊತ್ತಿಗೆ ಆ ಹುಡುಗಿಗೆ ನಾಲ್ಕು ಮನೆಯವರ ಹೆಸರು ಗೊತ್ತಾಗಿತ್ತು.

ನಾನು ಹಲವು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವನು. ಬಾಯಿ ಬಿಡಲು ಹೆದರುವ ಮಕ್ಕಳನ್ನು ಬಹಳ ಮಂದಿ ನೋಡಿದ್ದೇನೆ. “ಸರ್, ಮಾತು ಶುರು ಮಾಡುವುದು ಹೇಗೆ? ಮೊದಲು ಎಂತ ಹೇಳುವುದು?” ಎಂಬುದು ಅವರ ಪ್ರಶ್ನೆ. ಅವರಿಗೆ ಧೈರ್ಯ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಬಾಯಿಗೆ ಒಂದು ವಾಕ್ಯ ಕೊಡುವವರು ಕಡಿಮೆ. ಇವತ್ತು ಆ ವಾಕ್ಯಗಳ ವಿಷಯವನ್ನೇ ಬರೆಯುತ್ತೇನೆ.

ಸೌತೆಕಾಯಿಯ ಪ್ರಶ್ನೆಯನ್ನು ಬಿಡಿಸಿ ನೋಡಿ. ಮಾತಿನ ವಸ್ತು ಇಬ್ಬರ ಕಣ್ಣ ಮುಂದೆಯೇ ಇದೆ, ಹಾಗಾಗಿ ವಿಷಯವನ್ನು ಹುಡುಕಬೇಕಾಗಿಲ್ಲ. ಕೇಳಿದ್ದಕ್ಕೆ ಎದುರಿನವರಿಗೆ ಖಂಡಿತ ಉತ್ತರ ಗೊತ್ತಿದೆ, ಆ ಉತ್ತರವನ್ನು ಎರಡೇ ಶಬ್ದದಲ್ಲಿ ಮುಗಿಸಲೂಬಹುದು, ಬೆಳೆಸಲೂಬಹುದು. ಕೇಳಿದವಳು ತನ್ನ ಬಗ್ಗೆ ಏನೂ ಹೇಳಿಕೊಳ್ಳಬೇಕಾಗಿರಲಿಲ್ಲ. ಇನ್ನೊಂದು ಅನುಕೂಲ ಅಲ್ಲಿ ಕೂತವರಿಗಷ್ಟೇ ತಿಳಿಯುವಂಥದ್ದು: ಮೆಟ್ಟುಕತ್ತಿಯ ಮುಂದೆ ಕೂತವರು ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ, ನೋಡಿದರೆ ಬೆರಳು ಹೋಗುತ್ತದೆ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲು ಹೆದರುವವರಿಗೆ ಅಕ್ಕಪಕ್ಕ ಕೂತು ಕೈಯಲ್ಲಿ ಕೆಲಸವಿಟ್ಟುಕೊಂಡು ಆಡುವ ಮಾತಿನಷ್ಟು ಸುಲಭವಾದದ್ದು ಬೇರೆ ಇಲ್ಲ. ನಡುವೆ ಸುಮ್ಮನಾದರೂ ಆ ಮೌನ ಯಾರಿಗೂ ಭಾರವಾಗುವುದಿಲ್ಲ, ಕತ್ತಿಯ ಸದ್ದು ಇರುತ್ತದೆ.

ನಾಚಿಕೆಯವರು ಮೊದಲ ಮಾತು ಚೆನ್ನಾಗಿರಬೇಕು ಎಂದುಕೊಂಡೇ ಕೆಡುತ್ತಾರೆ. ಅದು ಚೆನ್ನಾಗಿರಬೇಕಾದ ಅಗತ್ಯ ಇಲ್ಲ. ಪೋಲೆಂಡಿನಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ, ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪದವರ ನಡುವೆ ಇದ್ದು ಬಂದವನು, 1923ರ ಒಂದು ಬರಹದಲ್ಲಿ ಈ ಬಗೆಯ ಮಾತುಗಳನ್ನು ಗುರುತಿಸಿದ. ಹವೆಯ ಬಗ್ಗೆ, ಕ್ಷೇಮದ ಬಗ್ಗೆ ಜನ ಕೇಳುವುದು ಸುದ್ದಿ ತಿಳಿಯಲಿಕ್ಕಲ್ಲ, ನಡುವೆ ಒಂದು ನಂಟು ಕಟ್ಟಲಿಕ್ಕೆ ಎಂದ. ನಮಗೆ ಅದು ಹೊಸ ಸಂಗತಿಯೇನಲ್ಲ. “ಒಣಸ್ ಆಂಡಾ?” ಎಂದು ಕೇಳುವವರು ನಿಮ್ಮ ಹೊಟ್ಟೆಯ ಲೆಕ್ಕ ಕೇಳುತ್ತಿಲ್ಲ. ಚೀಲ ಹಿಡಿದು ರಸ್ತೆಗಿಳಿದವರನ್ನು “ಎಲ್ಲಿಗೆ ಹೊರಟದ್ದು?” ಎಂದು ಕೇಳುವ ಬೆಳ್ತಂಗಡಿಯ ಅಂಗಡಿಯವರಿಗೂ ನಿಮ್ಮ ಪ್ರಯಾಣದ ವಿವರ ಬೇಡ. “ಇಲ್ಲೇ, ಬಿ.ಸಿ.ರೋಡಿಗೆ” ಎಂದರೆ ಮುಗಿಯಿತು. ಅವರೂ “ಹಾಂ ಹಾಂ, ಹೋಗಿ ಬನ್ನಿ” ಎನ್ನುತ್ತಾರೆ. ಈ ಪ್ರಶ್ನೆಗಳಿಗೆ ಜಾಣ ಉತ್ತರ ಹುಡುಕುತ್ತ ನಿಂತ ಹುಡುಗರನ್ನು ನಾನು ಕಂಡಿದ್ದೇನೆ. ಊರಿನ ಹಿರಿಯರು ಅವರಿಗಾಗಿ ವಾಕ್ಯ, ಉತ್ತರ, ಮುಕ್ತಾಯ ಮೂರನ್ನೂ ಸಿದ್ಧ ಮಾಡಿಯೇ ಇಟ್ಟಿದ್ದಾರೆ. ಅವರು ಹೇಳಿ ಅಭ್ಯಾಸ ಮಾಡಿದರೆ ಸಾಕು.

ಆದರೆ ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ. ಯಾಕೆ ಎಂಬುದಕ್ಕೆ ನಾನು ಓದಿದ್ದರಲ್ಲಿ ಹೆಚ್ಚು ಒಪ್ಪಿಗೆಯಾದ ವಿವರಣೆ ಇಂಗ್ಲೆಂಡಿನ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ಕೊಟ್ಟದ್ದು. ಜನರ ನಡುವೆ ಹೆದರುವವರ ಗಮನ ಎದುರಿನವರಿಂದ ಕಿತ್ತು ತನ್ನೊಳಕ್ಕೆ ತಿರುಗುತ್ತದೆ. ಮುಖ ಬಿಸಿಯಾಯಿತು, ಗಂಟಲು ಒಣಗಿತು ಎಂಬುದು ಒಳಗಿನಿಂದ ತಿಳಿಯುತ್ತದೆ. ಒಳಗೆ ತಿಳಿದದ್ದು ಹೊರಗೆ ಎಲ್ಲರಿಗೂ ಕಾಣುತ್ತಿದೆ ಎಂದು ಅವರು ನಂಬುತ್ತಾರೆ. ಆಮೇಲೆ ಅದನ್ನು ಅಡಗಿಸಲು ಕೆಲವು ಉಪಾಯ ಮಾಡುತ್ತಾರೆ. ಮೊಬೈಲು ನೋಡುವುದು, ಮೆಲ್ಲ ಮಾತಾಡುವುದು, ಮುಂದಿನ ವಾಕ್ಯವನ್ನು ಮನಸ್ಸಿನಲ್ಲಿ ಉರುಹೊಡೆಯುವುದು. ಈ ಉಪಾಯಗಳೇ ತೊಂದರೆ ತರುತ್ತವೆ. ಮೆಲ್ಲ ಮಾತಾಡಿದ್ದಕ್ಕೆ ಎದುರಿನವರು “ಎಂತ?” ಎಂದು ಜೋರಾಗಿ ಕೇಳುತ್ತಾರೆ, ಆಗ ನಾಲ್ಕು ಜನ ತಿರುಗಿ ನೋಡುತ್ತಾರೆ. ಮುಂದಿನ ವಾಕ್ಯವನ್ನು ಕಟ್ಟುತ್ತಿದ್ದ ಕಾರಣ ಅವರು ಹೇಳಿದ್ದು ಕಿವಿಗೆ ಬಿದ್ದಿರುವುದಿಲ್ಲ, ಮಾತು ಅಲ್ಲಿಗೇ ನಿಲ್ಲುತ್ತದೆ.

ಈ ಕಾರಣಕ್ಕೆ ನಾನು ಉದ್ದದ ಸಂಭಾಷಣೆ ಬರೆದುಕೊಟ್ಟು ಬಾಯಿಪಾಠ ಮಾಡಿಸುವುದನ್ನು ಒಪ್ಪುವುದಿಲ್ಲ. ಹತ್ತು ವಾಕ್ಯ ಬಾಯಿಪಾಠ ಮಾಡಿದವನ ಗಮನ ಪೂರ್ತಿ ಆ ಹತ್ತು ವಾಕ್ಯದಲ್ಲೇ ಇರುತ್ತದೆ. ಮೂರು ವಾಕ್ಯ ಸಾಕು. ಶುರು ಮಾಡಲು ಒಂದು, ಎದುರಿನವರ ಉತ್ತರಕ್ಕೆ ಕೈಜೋಡಿಸಲು ಒಂದು, ಮುಗಿಸಿ ಹೊರಡಲು ಒಂದು. ನಡುವಿನದನ್ನು ಮೊದಲೇ ಬರೆದಿಡಲು ಆಗುವುದಿಲ್ಲ, ಯಾಕೆಂದರೆ ಅದು ಅವರ ಉತ್ತರದೊಳಗಿನ ಒಂದು ಶಬ್ದದಿಂದ ಹುಟ್ಟಬೇಕು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ವೇಣೂರಿನಿಂದ ಒಳಗೆ ಅವನ ಮನೆ, ಮೂಡುಬಿದಿರೆಯಲ್ಲಿ ಪದವಿ ಮೊದಲ ವರ್ಷ. ದಿನವೂ ಅದೇ ಬಸ್ಸು, ಅದೇ ಹೊತ್ತು. ಅವನ ತರಗತಿಯ ಇನ್ನೊಬ್ಬ ಹುಡುಗ ಹೊಸಂಗಡಿಯಲ್ಲಿ ಹತ್ತುತ್ತಿದ್ದ. ಎರಡು ತಿಂಗಳು ಇವರಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಾಗಿಲಿನಿಂದ ಇಳಿದು ಒಂದೇ ಕೋಣೆಯಲ್ಲಿ ಕೂತರೂ ಒಂದು ಮಾತು ಆಡಿರಲಿಲ್ಲ. ಎರಡು ತಿಂಗಳ ಮೇಲೆ ಮೊದಲ ಮಾತು ಇನ್ನಷ್ಟು ಕಷ್ಟ, ಇಷ್ಟು ದಿನ ಯಾಕೆ ಮಾತಾಡಲಿಲ್ಲ ಎಂಬ ಪ್ರಶ್ನೆ ಅದರ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅವನು ನನ್ನ ಹತ್ತಿರ ಬಂದದ್ದು ಹಾಜರಾತಿಯ ಬೇರೆ ಯಾವುದೋ ವಿಷಯಕ್ಕೆ. ಮಾತು ಅಲ್ಲಿಂದ ಇಲ್ಲಿಗೆ ಬಂತು.

ಮೊದಲ ವಾರ ಸಹಪಾಠಿಯ ಗೋಜಿಗೆ ಹೋಗಬೇಡ ಎಂದೆ. ಮಾತಾಡಲೇಬೇಕಾದ ಜಾಗದಲ್ಲಿ ಒಂದು ವಾಕ್ಯ ಹೆಚ್ಚಿಗೆ ಆಡುವುದು ಆ ವಾರದ ಕೆಲಸ. ಟಿಕೇಟಿಗೆ ಹೇಗೂ ಬಾಯಿ ಬಿಡಬೇಕು. “ಮೂಡುಬಿದಿರೆ ಒಂದು” ಎಂದ ಮೇಲೆ “ಇವತ್ತು ರಶ್ ಉಂಟಲ್ಲ” ಎಂದು ಸೇರಿಸುವುದು. ಕಂಡಕ್ಟರಿಗೆ ಪುರುಸೊತ್ತಿಲ್ಲ, ಅವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅದೇ ಅದರ ಲಾಭ. ಮಾತು ಬೆಳೆಯುವ ಭಯವಿಲ್ಲ. ಪೇಟೆಯಲ್ಲಿ ಜೆರಾಕ್ಸ್ ಮಾಡಿಸುವಾಗ “ಎರಡು ಬದಿ ಮಾಡಿದರೆ ಎಷ್ಟು ಆಗ್ತದೆ ಅಣ್ಣ?”, ಹೊಟೇಲಿನಲ್ಲಿ “ಬಿಸಿ ಎಂತ ಉಂಟು?” ಹೀಗೆ ದಿನಕ್ಕೆ ಎರಡು. ಐದು ದಿನದಲ್ಲಿ ಹತ್ತು ವಾಕ್ಯ. ಒಬ್ಬರೂ ಅವನ ಮುಖವನ್ನು ವಿಚಿತ್ರವಾಗಿ ನೋಡಲಿಲ್ಲ ಎಂಬುದನ್ನು ಅವನೇ ಬಂದು ಹೇಳಿದ. ನಾನು ಮೊದಲೇ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

ಎರಡನೇ ವಾರಕ್ಕೆ ಒಂದು ಚೀಟಿಯಲ್ಲಿ ಮೊದಲ ವಾಕ್ಯ ಬರೆದೆವು. ಅವನು ಬರೆದುಕೊಂಡು ಬಂದದ್ದು ಹೀಗಿತ್ತು: “ಹಲೋ, ನಾವು ಒಂದೇ ಕ್ಲಾಸ್, ನನಗೆ ನಿನ್ನನ್ನು ಪರಿಚಯ ಮಾಡಿಕೊಳ್ಳಬೇಕು ಅಂತ ತುಂಬ ದಿನದಿಂದ ಇತ್ತು.” ಸುಳ್ಳೇನೂ ಅಲ್ಲ, ಆದರೆ ಎದುರಿನವನ ತಲೆಯ ಮೇಲೆ ಇಷ್ಟು ದೊಡ್ಡ ಹೊರೆ ಇಟ್ಟರೆ ಅವನು ಏನು ಹೇಳಬೇಕು? ಅದನ್ನು ಹೊಡೆದುಹಾಕಿ, “ಇವತ್ತು ಫಸ್ಟ್ ಅವರ್ ಅಕೌಂಟ್ಸಾ?” ಎಂದು ಬರೆದೆವು. ಉತ್ತರ ಅವನಿಗೂ ಗೊತ್ತು, ಇವನಿಗೂ ಗೊತ್ತು. ಗೊತ್ತಿದ್ದದ್ದನ್ನು ಕೇಳಬಾರದೆಂದು ಯಾರು ಹೇಳಿದ್ದು? ಕೊಡೆ ಹಿಡಿದು ನಿಂತವರನ್ನು ನಾವು “ಮಳೆ ಬರ್ತದಾ?” ಎಂದು ಕೇಳುವುದಿಲ್ಲವೇ?

ಸೋಮವಾರ ಆಗಲಿಲ್ಲ. ಆ ಇನ್ನೊಬ್ಬ ಹುಡುಗ ಬಾಗಿಲ ಹತ್ತಿರ ನಿಂತಿದ್ದ, ಬಸ್ಸು ತುಂಬಿತ್ತು. ಮಂಗಳವಾರ ಪಕ್ಕದಲ್ಲೇ ಕೂತ. ಇವನು ಕೇಳಿದ. “ಹೌದು” ಎಂಬ ಉತ್ತರ ಬಂತು. ಇವನು ಸುಮ್ಮನಾದ. ಬುಧವಾರ ಧೈರ್ಯ ಬಂದು ಒಂದರ ಹಿಂದೆ ಒಂದು ಕೇಳಿಬಿಟ್ಟ. ಮನೆ ಎಲ್ಲಿ, ಎಷ್ಟು ಜನ, ಅಪ್ಪ ಎಂತ ಮಾಡುವುದು, ಪಿಯುಸಿಯಲ್ಲಿ ಎಷ್ಟು ಮಾರ್ಕು. ಆ ಹುಡುಗ ಕಿಟಕಿಯ ಕಡೆ ತಿರುಗಿದ. ಸಂಜೆ ನನ್ನ ಮುಂದೆ ಕೂತಾಗ ಇವನ ಮುಖ ಬಾಡಿತ್ತು.

ತಪ್ಪಿದ್ದು ಎಲ್ಲಿ ಎಂದು ಕಂಡುಹಿಡಿಯಲು ಆ ಮಾತುಗಳನ್ನು ನೆನಪಿನಿಂದ ಹಾಳೆಯ ಮೇಲೆ ಬರೆಸಿದೆ. ಅಪ್ಪ ಏನು ಮಾಡುವುದು ಎಂದದ್ದಕ್ಕೆ ಆ ಹುಡುಗ, “ಕೃಷಿ. ಅಡಿಕೆ ಉಂಟು, ಈ ಸಲ ಕೊಳೆರೋಗ ಜಾಸ್ತಿ” ಎಂದಿದ್ದ. ಕೇಳಿದ್ದಕ್ಕಿಂತ ಹೆಚ್ಚಿಗೆ ಕೊಟ್ಟ ಒಂದು ತುಂಡು ಅಲ್ಲಿತ್ತು: ಕೊಳೆರೋಗ. ಇವನು ಅದನ್ನು ದಾಟಿ ಮಾರ್ಕಿಗೆ ಹೋಗಿದ್ದ. ಇವನ ಮನೆಯಲ್ಲೂ ಅಡಿಕೆ ಇತ್ತು, ಮಳೆಯ ನಡುವೆ ಬೋರ್ಡೋ ದ್ರಾವಣ ಸಿಂಪಡಿಸಲು ಮರ ಹತ್ತುವವರು ಸಿಗದೆ ಅಪ್ಪ ಒದ್ದಾಡುತ್ತಿದ್ದರು. ಅದನ್ನು ಹೇಳಿದ್ದರೆ ಆಗುತ್ತಿತ್ತು.

ನಡುವಿನ ವಾಕ್ಯ ಎಂದು ನಾನು ಹೇಳಿದ್ದು ಇದನ್ನೇ. ಎದುರಿನವರು ತಾವಾಗಿ ಸೇರಿಸಿದ ಶಬ್ದವನ್ನು ಹಿಡಿದುಕೊಳ್ಳಿ, ಅದರ ಬಗ್ಗೆ ನಿಮ್ಮದೊಂದು ತುಂಡು ಕೊಡಿ, ಆಮೇಲೆ ಅದರಲ್ಲೇ ಒಂದು ಪ್ರಶ್ನೆ ಕೇಳಿ. “ನಮ್ಮಲ್ಲಿಯೂ ಹಾಗೇ. ಮದ್ದು ಬಿಡಲಿಕ್ಕೆ ಜನ ಸಿಗುವುದಿಲ್ಲ. ನಿಮಗೆ ಸಿಕ್ಕಿದ್ರಾ?” ಬರೀ ಪ್ರಶ್ನೆ ಕೇಳುತ್ತ ಹೋದರೆ ವಿಚಾರಣೆಯಾಗುತ್ತದೆ. ಬರೀ ನಮ್ಮದನ್ನೇ ಹೇಳಿದರೆ ಭಾಷಣವಾಗುತ್ತದೆ. ಹಾರ್ವರ್ಡಿನಲ್ಲಿ ಕರೆನ್ ಹುವಾಂಗ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನವೂ ಪ್ರಶ್ನೆಗಳಲ್ಲಿ ಭೇದವಿದೆ ಎಂದೇ ತೋರಿಸಿತು. ವಿಷಯ ಬದಲಿಸುವ ಪ್ರಶ್ನೆಗಳಿಗಿಂತ, ಈಗಷ್ಟೇ ಹೇಳಿದ್ದನ್ನು ಹಿಡಿದು ಕೇಳುವ ಪ್ರಶ್ನೆಗಳೇ ಕೇಳಿದವರನ್ನು ಇಷ್ಟವಾಗುವಂತೆ ಮಾಡುತ್ತವೆ. ಅಂಥ ಪ್ರಶ್ನೆ ಕೇಳಬೇಕಾದರೆ ಕಿವಿ ಎದುರಿನವರ ಕಡೆ ಇರಲೇಬೇಕು. ಗಮನ ತನ್ನ ಒಣಗಿದ ಗಂಟಲಿನಿಂದ ಹೊರಗೆ ಬರುತ್ತದೆ. ಒಂದೇ ವಾಕ್ಯದಿಂದ ಎರಡು ಕೆಲಸ.

ಶುಕ್ರವಾರ ಇವನು ಅಡಿಕೆಗೆ ಮರಳಿದ: “ನಿನ್ನೆ ಮೊನ್ನೆಯ ಮಳೆಗೆ ಮದ್ದು ಬಿಡಲಿಕ್ಕೆ ಆಯ್ತಾ?” ಆ ಪ್ರಶ್ನೆಗೆ ಬಂದ ಉತ್ತರ ಮೂಡುಬಿದಿರೆಯವರೆಗೆ ಮುಗಿಯಲಿಲ್ಲವಂತೆ.

ಈಗ ನಮ್ಮ ಊರಿನದೇ ಒಂದು ಕಷ್ಟದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹೊಸಬರಿಗೆ ಕೇಳುವ ಮೊದಲ ಪ್ರಶ್ನೆ “ನಿಮ್ಮ ಮನೆ ಎಲ್ಲಿ ಆಯ್ತು?” ಎಂಬುದು. ಒಳ್ಳೆಯ ಪ್ರಶ್ನೆ, ಯಾರೂ ಬೇಸರಿಸುವುದಿಲ್ಲ. ಆದರೆ ಅದರ ಹಿಂದೆ ಒಂದು ಇಳಿಜಾರಿದೆ. ಯಾವ ಊರು, ಆ ಊರಲ್ಲಿ ಯಾರ ಮನೆ, ಯಾರ ಪೈಕಿ, ಹೆಸರಿನ ಮುಂದೆ ಎಂತ? ನಾಲ್ಕನೇ ಪ್ರಶ್ನೆಗೆ ಜಾತಿ ತಿಳಿಯುತ್ತದೆ. ಕೇಳುವವರಲ್ಲಿ ಬಹಳ ಮಂದಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ಗೊತ್ತಿರುವ ನೆಂಟಸ್ತಿಕೆ ಸಿಗುತ್ತದೋ ಎಂದು ಹುಡುಕುತ್ತಾರೆ. ಉತ್ತರಿಸುವವರಿಗೆ ಹಾಗಿರುವುದಿಲ್ಲ. ಆ ಪ್ರಶ್ನೆಗಳ ಮುಂದೆ ಮಾತು ಕಡಿಮೆ ಮಾಡಿದ ವಿದ್ಯಾರ್ಥಿಗಳು ನನಗೆ ಗೊತ್ತು. ಅವರದ್ದು ನಾಚಿಕೆಯೆಂದು ತಿಳಿದದ್ದು ನನ್ನ ತಪ್ಪಾಗಿತ್ತು. ಹಾಗಾಗಿ ಮನೆಯ ಪ್ರಶ್ನೆಯನ್ನು ಮನೆತನದ ಕಡೆ ಬಿಡದೆ ದಾರಿಯ ಕಡೆ ತಿರುಗಿಸಿ. “ಅಲ್ಲಿಂದ ಬಸ್ಸು ಎಷ್ಟು ಗಂಟೆಗೆ ಉಂಟು?”, “ನಿಮಗೆ ಗುರುವಾಯನಕೆರೆಯಲ್ಲಿ ಬದಲಿಸಬೇಕಾ?”, “ಮಳೆಗಾಲಕ್ಕೆ ಆ ರಸ್ತೆ ಹೇಗೆ ಇರ್ತದೆ?” ದಾರಿಯ ಬಗ್ಗೆ ದೂರಲು ಎಲ್ಲರಿಗೂ ಏನಾದರೂ ಇದ್ದೇ ಇರುತ್ತದೆ.

ಯಾವ ಭಾಷೆಯಲ್ಲಿ ಶುರು ಮಾಡುವುದು ಎಂಬುದೂ ಇಲ್ಲಿ ನಿಜವಾದ ಪ್ರಶ್ನೆ. ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಬೆಳ್ತಂಗಡಿಯ ರಬ್ಬರ್ ತೋಟಗಳ ಕಡೆಗೆ ಹೋದರೆ ಮಲೆಯಾಳವೂ ಸೇರುತ್ತದೆ. ಉಜಿರೆ, ಮೂಡುಬಿದಿರೆಯ ಹಾಸ್ಟೆಲುಗಳಲ್ಲಿ ಬಯಲುಸೀಮೆಯ ಮಕ್ಕಳೂ ಇದ್ದಾರೆ. ಅವರು ತಮ್ಮ ಕನ್ನಡಕ್ಕೆ ಯಾರಾದರೂ ನಕ್ಕಾರು ಎಂದು ಬಾಯಿ ಮುಚ್ಚಿರುತ್ತಾರೆ. ಇಲ್ಲಿಯ ಮಕ್ಕಳು ತಮ್ಮದು ಪುಸ್ತಕದ ಕನ್ನಡ ಎಂದು ಅವರ ಮುಂದೆ ಹಿಂಜರಿಯುತ್ತಾರೆ. ಗೊತ್ತಿಲ್ಲದಿರುವುದೇ ಇಂಥಲ್ಲಿ ಒಳ್ಳೆಯ ಆರಂಭ. “ನನಗೆ ತುಳು ಬರುವುದಿಲ್ಲ, ಇದಕ್ಕೆ ತುಳುವಿನಲ್ಲಿ ಎಂತ ಹೇಳುವುದು?” ಎಂದು ಕೇಳಿ ನೋಡಿ. ಕಲಿಸಲು ಬೇಡವೆನ್ನುವ ತುಳುವರನ್ನು ನಾನು ಇನ್ನೂ ಕಂಡಿಲ್ಲ. ಒಂದೇ ಎಚ್ಚರಿಕೆ: ತುಳುವಿನಲ್ಲಿ ಹಿರಿಯರಿಗೂ ಪರಿಚಯವಿಲ್ಲದವರಿಗೂ “ಈರ್” ಎನ್ನಬೇಕು, “ಈ” ಎನ್ನಬಾರದು. ಸಂಶಯವಿದ್ದಲ್ಲಿ ಗೌರವದ ರೂಪವನ್ನೇ ಬಳಸಿ. ಕರೆಯಲು ಹೆಸರು ಗೊತ್ತಿಲ್ಲದಿದ್ದರೆ ಅಣ್ಣ, ಅಕ್ಕ ಎಂದರೆ ಎಲ್ಲರಿಗೂ ಒಪ್ಪುತ್ತದೆ. ಕಲ್ಲಡ್ಕದಲ್ಲಿ ಕೆ.ಟಿ. ಕುಡಿಯಲು ಕೂತ ಹೊರಗಿನವರಿಗಂತೂ ವಾಕ್ಯವೇ ಲೋಟದಲ್ಲಿ ಬಂದಿರುತ್ತದೆ. ಆ ಚಹಾದ ಎರಡು ಪದರವನ್ನು ತೋರಿಸಿ ಪಕ್ಕದ ಮೇಜಿನವರಿಗೆ “ಅಣ್ಣ, ಇದನ್ನು ಕಲಡಿಸಿ ಕುಡಿಯುವುದಾ, ಹಾಗೇನಾ?” ಎಂದರಾಯಿತು.

ಉತ್ತರ ಬಂದ ರೀತಿಯಿಂದ ಮುಂದುವರಿಯಬೇಕೋ ಬೇಡವೋ ತಿಳಿಯುತ್ತದೆ. ಅವರು ತಾವಾಗಿ ಒಂದು ತುಂಡು ಹೆಚ್ಚಿಗೆ ಸೇರಿಸಿದರೆ, ಅಥವಾ “ನೀವು?” ಎಂದು ತಿರುಗಿ ಕೇಳಿದರೆ ಮುಂದುವರಿಯಿರಿ. ಒಂದು ಸಲ ಚುಟುಕು ಉತ್ತರ ಬಂದರೆ ಏನೂ ಅರ್ಥವಿಲ್ಲ, ಅವರ ತಲೆಯಲ್ಲಿ ಬೇರೆ ಏನೋ ಇರಬಹುದು, ಅವರೂ ನಾಚಿಕೆಯವರೇ ಇರಬಹುದು. ಎರಡು ಸಲ ಚುಟುಕಾಗಿ ಹೇಳಿ ಬೇರೆ ಕಡೆ ನೋಡಿದರೆ ನಿಲ್ಲಿಸಬೇಕು. ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬಸ್ಸಿನಲ್ಲಿ ಒಬ್ಬಳೇ ಕೂತ ಪರಿಚಯವಿಲ್ಲದ ಹುಡುಗಿ ಎದ್ದು ಹೋಗಲಾರಳು, ಅವಳ ಮೇಲೆ ನಿಮ್ಮ ಅಭ್ಯಾಸ ನಡೆಸಬೇಡಿ. ತರಗತಿ, ಗ್ರಂಥಾಲಯ, ಎನ್ನೆಸ್ಸೆಸ್ ಶಿಬಿರದಂಥ ಜಾಗದಲ್ಲಿ, ಇಬ್ಬರಿಗೂ ಒಂದು ಕೆಲಸವಿರುವಾಗ, ಆ ಕೆಲಸದ ಬಗ್ಗೆಯೇ ಮಾತಾಡಿ.

ಮಾತು ಮುಗಿದ ಮೇಲೆ ರಾತ್ರಿ ಶುರುವಾಗುವ ಲೆಕ್ಕಾಚಾರವೂ ಒಂದಿದೆ. ಹಾಗೆ ಹೇಳಬಾರದಿತ್ತು, ಅವನು ಏನೆಂದುಕೊಂಡನೋ ಎಂದು. ಎರಿಕಾ ಬೂತ್‌ಬಿ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇದನ್ನೇ ಅಳೆದಿತ್ತು. ಪರಿಚಯವಿಲ್ಲದ ಇಬ್ಬರನ್ನು ಮಾತಾಡಿಸಿ, ಆಮೇಲೆ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಿದರು: ನಿಮಗೆ ಅವರು ಎಷ್ಟು ಇಷ್ಟವಾದರು, ಅವರಿಗೆ ನೀವು ಎಷ್ಟು ಇಷ್ಟವಾಗಿರಬಹುದು? ಜನ ತಮ್ಮನ್ನು ಎದುರಿನವರು ಇಷ್ಟಪಟ್ಟದ್ದಕ್ಕಿಂತ ಕಡಿಮೆಯನ್ನೇ ಊಹಿಸಿದರು. ನಾಚಿಕೆ ಹೆಚ್ಚಿದ್ದವರಲ್ಲಿ ಈ ಅಂತರ ಇನ್ನೂ ಹೆಚ್ಚು. ಕಾಲೇಜಿನಲ್ಲಿ ಒಂದೇ ವಸತಿಯಲ್ಲಿದ್ದ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಉಳಿದಿತ್ತು. ಹಾಸ್ಟೆಲಿನ ಕೋಣೆಯಲ್ಲಿ, ನಾನು ಇವರಿಗೆ ಬೇಡವಾದವನು ಎಂದುಕೊಂಡು ಗೋಡೆಗೆ ಮುಖಮಾಡಿ ಮಲಗುವ ಮಕ್ಕಳಿಗೆ ಇದನ್ನು ಓದಿ ಹೇಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಚೀಟಿಯ ಮೂರು ವಾಕ್ಯದಿಂದ ಆಗದ ಸ್ಥಿತಿಯೂ ಇದೆ. ಅಂಗಡಿಗೆ ಹೋಗುವುದನ್ನೇ ಬಿಟ್ಟವರು, ಹೆಸರು ಕೂಗುತ್ತಾರೆಂದು ತರಗತಿ ತಪ್ಪಿಸುವವರು, ಸೆಮಿನಾರಿನ ಹಿಂದಿನ ದಿನ ವಾಂತಿ ಮಾಡುವವರು, ಆರು ತಿಂಗಳಿಗಿಂತ ಹೆಚ್ಚು ಕಾಲ ಹೀಗೆಯೇ ಇದ್ದರೆ ಅದು ಬರೀ ನಾಚಿಕೆಯಲ್ಲ. ವೈದ್ಯರು ಅದನ್ನು ಸಾಮಾಜಿಕ ಆತಂಕದ ಕಾಯಿಲೆ ಎನ್ನುತ್ತಾರೆ, ಅದಕ್ಕೆ ಮಾತಿನ ಚಿಕಿತ್ಸೆಯೂ ಔಷಧಿಯೂ ಇವೆ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಫೋನು ಮಾಡಲೂ ಹೆದರುವವರಿಗೆ ಅದಕ್ಕೂ ಒಂದು ವಾಕ್ಯ ಕೊಡುತ್ತೇನೆ, ಕಾಗದದ ಮೇಲೆ ಬರೆದಿಟ್ಟು ಓದಿದರೂ ನಡೆಯುತ್ತದೆ: “ನನಗೆ ಜನರ ಹತ್ತಿರ ಮಾತಾಡಲು ಭಯ ಆಗುತ್ತದೆ. ಈಗಲೂ ಆಗುತ್ತಿದೆ. ಸ್ವಲ್ಪ ನಿಧಾನ ಹೇಳುತ್ತೇನೆ.”

ಮೂರನೇ ವಾಕ್ಯ ಬಾಕಿ ಉಳಿಯಿತು. ನಾಚಿಕೆಯವರಲ್ಲಿ ಬಹಳ ಮಂದಿ ಮಾತು ಶುರು ಮಾಡದಿರುವುದು ಅದರಿಂದ ಹೊರಗೆ ಬರುವುದು ಹೇಗೆಂದು ತಿಳಿಯದೆ. ಶುರು ಮಾಡುವ ಮೊದಲೇ ಬಾಗಿಲು ಎಲ್ಲಿದೆ ಎಂದು ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ. ನಮ್ಮಲ್ಲಿ ಹೊರಡುವವರು “ಹೋಗ್ತೇನೆ” ಎನ್ನುವುದಿಲ್ಲ. ಕನ್ನಡದಲ್ಲಾದರೆ “ಬರ್ತೇನೆ”, ತುಳುವಿನಲ್ಲಾದರೆ “ಬರ್ಪೆ”. ಅದರ ಮುಂದೆ ಒಂದು ಸಣ್ಣ ಕಾರಣ, ಮತ್ತು ಮಾತಿನಲ್ಲಿ ಬಂದಿದ್ದ ಒಂದು ಸಂಗತಿ ಸೇರಿಸಿದರೆ ಮುಗಿಯಿತು. “ನನಗೆ ಲೈಬ್ರರಿಯಲ್ಲಿ ಸ್ವಲ್ಪ ಕೆಲಸ ಉಂಟು, ಬರ್ತೇನೆ. ಮದ್ದು ಬಿಡುವವರ ನಂಬರು ಸಿಕ್ಕಿದರೆ ಹೇಳು.” ಹೀಗೆ ಹೇಳಿ ಹೊರಟವನಿಗೆ ನಾಳೆಯ ಮೊದಲ ವಾಕ್ಯವನ್ನು ಹುಡುಕುವ ಕಷ್ಟವೂ ಇರುವುದಿಲ್ಲ. ಶುಕ್ರವಾರ ಸಂಜೆ ವೇಣೂರಿನ ಹುಡುಗ ಹೇಳಿದ್ದು ಇದನ್ನೇ. ಸೋಮವಾರ ಹೊಸಂಗಡಿಯಲ್ಲಿ ಬಸ್ಸು ನಿಂತಾಗ ಆ ಇನ್ನೊಬ್ಬ ಹುಡುಗ ಹತ್ತಿದವನೇ ಒಳಗೆ ಹುಡುಕಿಕೊಂಡು ಬಂದು, ಕೂರುವ ಮೊದಲೇ ಹೇಳಿದನಂತೆ: “ನಂಬರು ಸಿಕ್ಕಿತು ಮಾರಾಯ, ಬರೆದುಕೋ.”